ಕರಪತ್ರದ ಒಂದು ವಾಕ್ಯ, ನಾಲ್ಕು ನಿಮಿಷದ ವಿಡಿಯೊ: ಭತ್ತದ ಬೀಜೋಪಚಾರಕ್ಕೆ ಸ್ಕ್ರಿಪ್ಟ್ ಬರೆಯುವ ಬಗೆ

ಮಂಡ್ಯದ ಕಡೆ ಮುಂಗಾರಿಗೆ ನಾಲೆಗೆ ನೀರು ಬಿಡುವ ಮುನ್ನ ರೈತರ ಕೈಗೆ ಬರುವ ಭತ್ತದ ಕರಪತ್ರಗಳಲ್ಲಿ ಬೀಜೋಪಚಾರದ ಭಾಗ ಹೆಚ್ಚುಕಡಿಮೆ ಹೀಗಿರುತ್ತದೆ:

"ಬಿತ್ತನೆಗೆ ಮುನ್ನ ಬೀಜಗಳನ್ನು ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ಜೊಳ್ಳನ್ನು ಬೇರ್ಪಡಿಸಿ, ಶುದ್ಧ ನೀರಿನಲ್ಲಿ ತೊಳೆದು, ಪ್ರತಿ ಕೆ.ಜಿ. ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ ಬೆರೆಸಿದ 1 ಲೀಟರ್ ನೀರಿನಲ್ಲಿ 10 ಗಂಟೆ ನೆನೆಸಿ, 24 ಗಂಟೆ ಮೊಳಕೆಗೆ ಇಟ್ಟು ಸಸಿಮಡಿಯಲ್ಲಿ ಬಿತ್ತುವುದು."

ವಿಷಯ ಸರಿಯಾಗಿದೆ. ಓದಲು ಬಾರದ ರೈತರಿಗೆಂದು ಇದನ್ನೇ ಯಾರಾದರೂ ಮೈಕಿನ ಮುಂದೆ ಗಟ್ಟಿಯಾಗಿ ಓದಿ, ಹಿಂದೆ ಗದ್ದೆಯ ಚಿತ್ರ ಓಡಿಸಿದರೆ ಅದು ವಿಡಿಯೊ ಆಗುವುದಿಲ್ಲ, ಓದಿ ಹೇಳಿದ ಕರಪತ್ರವಾಗುತ್ತದೆ. ಓದಲು ಬಾರದವರಿಗೆ ಅಕ್ಷರವೊಂದೇ ತೊಡಕಲ್ಲ. ಕೈಯಲ್ಲಿ ಕಾಗದ ಇದ್ದವನು ಮರೆತರೆ ಮತ್ತೆ ನೋಡುತ್ತಾನೆ. ಕಿವಿಯಲ್ಲಿ ಕೇಳಿದವರು ಐದು ಕೆಲಸ, ನಾಲ್ಕು ಅಂಕಿ ಒಟ್ಟಿಗೆ ಬಂದರೆ ಮೊದಲನೆಯದನ್ನೂ ಕೊನೆಯದನ್ನೂ ಇಟ್ಟುಕೊಂಡು ನಡುವಿನದನ್ನು ಬಿಡುತ್ತಾರೆ. ಇಲ್ಲಿ ನಡುವೆ ಇರುವುದು "ತೊಳೆದು" ಎಂಬ ಮಾತು. ಅದು ಬಿಟ್ಟುಹೋದರೆ ಉಪ್ಪು ಬೀಜದ ಮೇಲೆಯೇ ಉಳಿದು ಮೊಳಕೆ ಕೆಡುತ್ತದೆ.

ಮೊದಲು ಕರಪತ್ರ ಹೇಳದೆ ಬಿಟ್ಟದ್ದನ್ನು ಹುಡುಕಿ

ಪೆನ್ನು ಹಿಡಿಯುವ ಮೊದಲು ಆ ವಾಕ್ಯದಲ್ಲಿರುವಷ್ಟನ್ನೇ ನಂಬಿ ಕೆಲಸ ಮಾಡಿ ನೋಡಿ. ಒಂದು ಬಕೇಟು, ಉಪ್ಪು, ನಾಲ್ಕು ಕಿಲೋ ಭತ್ತ ಸಾಕು. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಕರಪತ್ರದಲ್ಲಿ ಒಂದು ಸಂದಿ ಇದೆ ಎಂದು ಲೆಕ್ಕ.

ಮೊದಲ ಸಂದಿ: ಎಷ್ಟು ಉಪ್ಪು? ಹತ್ತು ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಎನ್ನಬಹುದು, ಆದರೆ ಉಪ್ಪು ತೇವ ಎಳೆದಿದ್ದರೆ, ಬಕೇಟು ಹತ್ತು ಲೀಟರಿನದಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಮೊಟ್ಟೆಯ ಪರೀಕ್ಷೆ. ತಾಜಾ ಕೋಳಿಮೊಟ್ಟೆ ಬರಿ ನೀರಿನಲ್ಲಿ ತಳಕ್ಕೆ ಹೋಗಿ ಮಲಗುತ್ತದೆ. ಉಪ್ಪು ಕರಗಿದಂತೆ ನೀರು ಭಾರವಾಗಿ ಮೊಟ್ಟೆ ಮೇಲೇಳುತ್ತದೆ. ಅದರ ನೆತ್ತಿ ನೀರಿನ ಮೇಲೆ ನಾಣ್ಯದಷ್ಟು ಕಂಡಾಗ ಹದ ಬಂತು. ಹಳೆಯ ಕರಪತ್ರಗಳು "25 ಪೈಸೆ ನಾಣ್ಯದಷ್ಟು" ಎನ್ನುತ್ತವೆ. ಆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು, ಈಗಿನ ಹುಡುಗರು ನೋಡಿಲ್ಲ. ವಿಡಿಯೊದಲ್ಲಿ ಈ ಗೋಜೇ ಬೇಡ. ಮೊಟ್ಟೆಯ ಪಕ್ಕಕ್ಕೆ ಹೆಬ್ಬೆರಳು ಹಿಡಿದು, ಉಗುರಿಗಿಂತ ತುಸು ದೊಡ್ಡದು ಎಂದು ತೋರಿಸಿದರೆ ಮುಗಿಯಿತು.

ಎರಡನೆಯ ಸಂದಿ ಮೊಟ್ಟೆಯದೇ. ಹಳಸಿದ ಮೊಟ್ಟೆಯೊಳಗೆ ಗಾಳಿ ತುಂಬಿರುತ್ತದೆ. ಅದು ಅರ್ಧ ಉಪ್ಪಿಗೇ ತೇಲಿಬಿಡುತ್ತದೆ, ಒಮ್ಮೊಮ್ಮೆ ಬರಿ ನೀರಿನಲ್ಲೇ. ಆಗ ನೀರು ಸಾಕಷ್ಟು ಭಾರವಾಗದೆ ಅರೆಜೊಳ್ಳೆಲ್ಲ ಗಟ್ಟಿ ಕಾಳಿನ ಜೊತೆ ತಳದಲ್ಲೇ ಉಳಿಯುತ್ತದೆ. ಆದ್ದರಿಂದ ಉಪ್ಪು ಹಾಕುವ ಮುಂಚೆ ಮೊಟ್ಟೆ ಮುಳುಗಿ ಅಡ್ಡ ಮಲಗುವುದನ್ನು ತೋರಿಸಲೇಬೇಕು. ಮೊಟ್ಟೆ ಮುಟ್ಟದ ಮನೆಗಳಲ್ಲಿ ಆಲೂಗಡ್ಡೆ ಹಾಕಿ ನೋಡುವ ರೂಢಿಯಿದೆ. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಈ ಕೆಲಸವೆಲ್ಲ ಮನೆಯಲ್ಲಿ ಉಳಿಸಿಕೊಂಡ ಬೀಜಕ್ಕೆ. ಚೀಲದಲ್ಲಿ ಬರುವ ಬೀಜಕ್ಕೆ ಹಲವು ವೇಳೆ ಮೊದಲೇ ಔಷಧಿ ಸವರಿ ಬಣ್ಣ ಹಾಕಿರುತ್ತಾರೆ. ಅದನ್ನು ಉಪ್ಪುನೀರಿಗೆ ಹಾಕಿದರೆ ಔಷಧಿ ತೊಳೆದುಹೋಗುತ್ತದೆ. ತೇಲಿದ್ದನ್ನು ಕೋಳಿಗೆ ಹಾಕಿದರೆ ವಿಷ ಹಾಕಿದಂತೆ. ಕರಪತ್ರ ಇದನ್ನು ಹೇಳದಿರುವುದು ಏಕೆಂದರೆ ಬರೆದವರಿಗೆ ಅದು ಗೊತ್ತಿರುವ ವಿಷಯ. ವಿಡಿಯೊ ಶುರುವಾಗಬೇಕಾದ್ದೇ ಇಲ್ಲಿಂದ.

ಅಂಕಿಯನ್ನು ವಸ್ತುವಾಗಿಸಿ

"ಕೆ.ಜಿ.ಗೆ 2 ಗ್ರಾಂ" ಎನ್ನುವುದು ಕೃಷಿ ವಿಜ್ಞಾನಿಯ ಲೆಕ್ಕ. ಎರಡು ಗ್ರಾಂ ತೂಗುವ ತಕ್ಕಡಿ ಯಾವ ಹಟ್ಟಿಯಲ್ಲೂ ಇಲ್ಲ. ರೈತರ ಲೆಕ್ಕ ಎಕರೆಯದು. ನಾಟಿ ಭತ್ತಕ್ಕೆ ಎಕರೆಗೆ 25 ಕಿಲೋ ಬೀಜ ಎಂದು ಹಿಡಿದರೆ 50 ಗ್ರಾಂ ಪುಡಿ, 25 ಲೀಟರ್ ನೀರು. 100 ಗ್ರಾಂ ಪ್ಯಾಕೆಟ್ ಎಂದರೆ ಸರಿಯಾಗಿ ಎರಡು ಎಕರೆಯ ಬೀಜಕ್ಕೆ. ಹಾಗಾಗಿ ವಿಡಿಯೊದಲ್ಲಿ "ಒಂದು ಪ್ಯಾಕೆಟ್ಟು, ಎರಡು ಎಕರೆ" ಎಂದು ಹೇಳಿ, ಒಂದೊಂದು ಎಕರೆಯ ಇಬ್ಬರು ಒಟ್ಟಿಗೆ ಬೀಜ ನೆನೆಹಾಕುವುದನ್ನು ತೋರಿಸಿ. ಪುಡಿಯನ್ನು ಅಂದಾಜಿನಲ್ಲಿ ಪಾಲು ಮಾಡುವ ಕಷ್ಟವೂ ಇಲ್ಲ, ಉಳಿದರ್ಧ ಪ್ಯಾಕೆಟ್ ಅಡುಗೆಮನೆಯ ಗೂಡಿನಲ್ಲಿ ಕೂರುವುದೂ ತಪ್ಪಿತು. ಚಮಚದಲ್ಲಿ ಅಳೆದು ತೋರಿಸುವುದು ಬೇಡ. ಚಮಚ ಮನೆಮನೆಗೆ ಬೇರೆ, ಅದು ಮತ್ತೆ ಅಡುಗೆಗೆ ಹೋಗುವ ಅಪಾಯವೂ ಇದೆ.

ಇನ್ನೊಂದು ಲೆಕ್ಕ ಸ್ಕ್ರಿಪ್ಟ್ ಬರೆಯುವವರು ಮರೆಯುವಂಥದ್ದು. 25 ಕಿಲೋ ಭತ್ತಕ್ಕೆ 25 ಲೀಟರ್ ನೀರು ಹಾಕಿದರೆ ಎರಡೂ ಸೇರಿ 50 ಲೀಟರಿನ ಹತ್ತಿರ ಹೋಗುತ್ತದೆ, ನೆನೆದ ಕಾಳು ಇನ್ನೂ ಉಬ್ಬುತ್ತದೆ. ಶೂಟಿಂಗ್ ದಿನ 20 ಲೀಟರಿನ ಬಕೇಟು ತಂದಿಟ್ಟರೆ ಕೆಲಸ ಅಲ್ಲೇ ನಿಂತಿತು. 70 ಲೀಟರಿಗೆ ಕಡಿಮೆಯಿಲ್ಲದ ಡ್ರಮ್ಮು ಒಂದು ಎಕರೆಗೆ, ಎರಡು ಎಕರೆಗಾದರೆ ಎರಡು ಡ್ರಮ್ಮು. ಬೀಜವನ್ನೂ ಎಕರೆಗೆ ಒಂದೆರಡು ಕಿಲೋ ಹೆಚ್ಚಿಗೆ ತೆಗೆದುಕೊಳ್ಳಿ, ಜೊಳ್ಳು ಹೋದ ಮೇಲೆ 25 ಉಳಿಯಬೇಕಲ್ಲ.

ಗಂಟೆಯನ್ನು ಹೊತ್ತಿಗೆ ಕಟ್ಟಿ. ಹತ್ತು ಗಂಟೆ ಎಂದರೆ ಸಂಜೆ ಡೈರಿಗೆ ಹಾಲು ಹಾಕಿ ಬಂದು ನೆನೆಹಾಕಿದ್ದನ್ನು ಬೆಳಿಗ್ಗೆ ಡೈರಿಗೆ ಹೊರಡುವ ಮುಂಚೆ ಬಸಿಯುವುದು. ಇಪ್ಪತ್ತನಾಲ್ಕು ಗಂಟೆ ಎಂದರೆ ಈ ಬೆಳಗಿನ ಡೈರಿಯಿಂದ ನಾಳೆ ಬೆಳಗಿನ ಡೈರಿ. ಹಸು ಕಟ್ಟದ ಮನೆಯವರಿಗೂ ಊರಿನ ಡೈರಿಯ ಹೊತ್ತು ಗೊತ್ತು. ಆದರೂ ಪರದೆಯ ಮೇಲೆ 10, 24 ಎಂಬ ಅಂಕಿಗಳನ್ನು ದಪ್ಪಗೆ ಬಿಡಿ. ಅಕ್ಷರ ಬಾರದ ಎಷ್ಟೋ ಜನ ನೋಟು, ಬಸ್ಸು, ಫೋನಿನ ದೆಸೆಯಿಂದ ಅಂಕಿ ಗುರುತಿಸುತ್ತಾರೆ. ಅಂಕಿ ಬಿಟ್ಟು ಬೇರಾವ ಬರಹವೂ ಪರದೆಯ ಮೇಲೆ ಬೇಡ. ಓಡುವ ಸಾಲುಗಳನ್ನು ಓದಲಾಗದವರು ತಮಗೇನೋ ತಪ್ಪಿತು ಎಂದುಕೊಂಡು ಕೈ ಕೆಲಸ ನೋಡುವುದನ್ನೇ ಬಿಡುತ್ತಾರೆ.

ಮಾತು ಯಾರದು

"ರೈತ ಬಾಂಧವರೇ" ಎಂದು ಶುರುವಾಗುವ ದನಿ ರೇಡಿಯೊ ಕಾಲದಿಂದ ಬಂದದ್ದು. ಮಂಡ್ಯದ ಕಡೆ ಬೀಜ ನೆನೆಹಾಕಿ ಮೊಳಕೆ ಕಟ್ಟುವ ಕೆಲಸದಲ್ಲಿ ಹೆಂಗಸರ ಕೈಯೇ ಹೆಚ್ಚು. ಆದ್ದರಿಂದ ಮಾಡಿ ತೋರಿಸುವವರು ಊರಿನ ಅಕ್ಕನೊಬ್ಬರು, ಕೇಳುವವನು ಪಕ್ಕದ ಗದ್ದೆಯ ತಮ್ಮ ಎಂದಿಟ್ಟುಕೊಂಡರೆ ಎರಡು ಅನುಕೂಲ. ನೋಡುವವರ ಮನಸ್ಸಿನ ಪ್ರಶ್ನೆಯನ್ನು ತಮ್ಮ ಕೇಳಿಬಿಡುತ್ತಾನೆ, ಮುಖ್ಯ ಮಾತನ್ನು ಎರಡನೆಯ ಸಲ ಹೇಳುವುದಕ್ಕೂ ನೆಪ ಸಿಗುತ್ತದೆ. ಇಬ್ಬರೂ ನಟರಾಗಿರಬಾರದು. ಮೊಳಕೆ ಕಟ್ಟಿ ಅಭ್ಯಾಸ ಇಲ್ಲದ ಕೈಯನ್ನು ಗೋಣಿಯ ಗಂಟು ಹಾಕುವಾಗಲೇ ಊರಿನವರು ಕಂಡುಹಿಡಿಯುತ್ತಾರೆ.

ಮಾತಿನಲ್ಲಿ "ದ್ರಾವಣ", "ಉಪಚರಿಸಿ", "ಸಸಿಮಡಿ" ಬಿಡಿ. ಉಪ್ಪುನೀರು, ಔಷಧಿ ನೀರು, ಒಟ್ಲು ಎಂದರೆ ಸಾಕು. "ಐತೆ", "ಕಣಪ್ಪ" ಬರುವುದು ಸಹಜ. ಆದರೆ ನಗಿಸಲೆಂದು ಗ್ರಾಮ್ಯವನ್ನು ಹೇರಬೇಡಿ. ಔಷಧಿಯ ಹೆಸರನ್ನು ಮಾತ್ರ ಇದ್ದ ಹಾಗೇ ಹೇಳಿಸಬೇಕು, ಅಂಗಡಿಯಲ್ಲಿ ಕೇಳುವುದು ಆ ಹೆಸರನ್ನೇ. ಅದನ್ನು ಅಕ್ಕ ಒಮ್ಮೆ, ತಮ್ಮ ಒಮ್ಮೆ, ಒಡೆದು ಒಡೆದು ಹೇಳಲಿ: ಕಾರ್-ಬೆನ್-ಡಜಿಂ.

ವೇಗದ ಲೆಕ್ಕ: ಕೈ ಕೆಲಸ ತೋರಿಸುತ್ತ ಆಡುವ ಮಾತು ನಿಮಿಷಕ್ಕೆ 80 ಪದ ದಾಟಬಾರದು. ನಾಲ್ಕು ನಿಮಿಷಕ್ಕೆ 320 ಪದ, ಅದರಲ್ಲೂ ಮೌನಕ್ಕೆ ಜಾಗ ಬೇಕು. ಮೊಟ್ಟೆ ಏಳುವ ಹೊತ್ತಿನಲ್ಲಿ ಯಾರೂ ಮಾತಾಡಬಾರದು.

ಸ್ಕ್ರಿಪ್ಟ್

ಒಂದೊಂದು ನೋಟಕ್ಕೂ ಒಂದೇ ಕೆಲಸ. "ನೋಟ" ಎಂದರೆ ಕ್ಯಾಮೆರಾ ಕಾಣುವುದು, ಅದರ ಕೆಳಗೆ ಮಾತು.

*ನೋಟ 1. ಎರಡು ಹಿಡಿ ಬೀಜ, ಅಕ್ಕಪಕ್ಕ. ಒಂದು ಭತ್ತದ ಬಣ್ಣ, ಇನ್ನೊಂದು ಬಣ್ಣ ಹಾಕಿದ್ದು. ಕೈಗವಸು ತೊಟ್ಟ ಕೈ ಬಣ್ಣದ ಬೀಜವನ್ನು ಪಕ್ಕಕ್ಕೆ ಸರಿಸುತ್ತದೆ.*
ತಮ್ಮ: ಅಕ್ಕ, ಇದ್ಯಾಕೆ ಪಕ್ಕಕ್ಕಿಟ್ಟೆ?
ಅಕ್ಕ: ಬಣ್ಣ ಇರೋ ಬೀಜಕ್ಕೆ ಆಗ್ಲೇ ಔಷಧಿ ಹಾಕವ್ರೆ ಕಣಪ್ಪ. ಇದನ್ನ ತೊಳೀಬಾರ್ದು, ಕೋಳಿಗೂ ಹಾಕಬಾರ್ದು. ನಾವೀಗ ಮಾಡೋದು ಮನೆ ಬೀಜಕ್ಕೆ.

*ನೋಟ 2. ಬಕೇಟಿಗೆ ಒಂದು ಲೀಟರ್ ಬಾಟಲಿಯಿಂದ ನೀರು. ಮೊದಲ ಎರಡು ಬಾಟಲಿ, ಆಮೇಲೆ ಕೊನೆಯದು. ಪರದೆಯ ಮೇಲೆ 10.*
ಅಕ್ಕ: ಹತ್ತು ಬಾಟ್ಲಿ ನೀರು.

*ನೋಟ 3. ಬರಿ ನೀರಿಗೆ ಮೊಟ್ಟೆ. ಮೇಲಿನಿಂದ ನೋಡಿದಂತೆ. ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ.*
ತಮ್ಮ: ಬಕೀಟಿಗೆ ಮೊಟ್ಟೆ ಯಾಕಕ್ಕ?
ಅಕ್ಕ: ನೀರಿಗೆ ಉಪ್ಪು ಸಾಕೋ ಬೇಕೋ ಅಂತ ಇದು ಹೇಳ್ತದೆ. ಮೊದ್ಲು ಮುಳುಗಬೇಕು. ಮುಳುಗದೆ ಇದ್ರೆ ಹಳೇ ಮೊಟ್ಟೆ, ಬೇರೆ ತಗೋ.

*ನೋಟ 4. ಮೊಟ್ಟೆ ತೆಗೆದು ಉಪ್ಪು ಹಾಕುವುದು, ಕೋಲಿನಿಂದ ತಿರುವುವುದು. ಬೊಗಸೆಯಲ್ಲಿ ನೀರೆತ್ತಿ ತಳದಲ್ಲಿ ಹರಳು ಉಳಿದಿಲ್ಲವೆಂದು ತೋರಿಸುವುದು.*
ಅಕ್ಕ: ಒಂದೂವರೆ ಕೆಜಿ ಉಪ್ಪು. ಪೂರ್ತಿ ಕರಗೋವರ್ಗೂ ತಿರುವು.

*ನೋಟ 5. ಮತ್ತೆ ಮೊಟ್ಟೆ. ನಿಧಾನವಾಗಿ ಏಳುತ್ತದೆ. ಮಾತಿಲ್ಲ. ನೆತ್ತಿ ಕಂಡಾಗ ಪಕ್ಕಕ್ಕೆ ಹೆಬ್ಬೆರಳು.*
ಅಕ್ಕ: ಹೆಬ್ಬೆಟ್ಟಿನ ಉಗುರಿಗಿಂತ ಚೂರು ದೊಡ್ಡದಾಗಿ ನೆತ್ತಿ ಕಾಣ್ಬೇಕು. ಕಾಣ್ದೆ ಇದ್ರೆ ಇನ್ನೊಂದು ಹಿಡಿ ಉಪ್ಪು.

*ನೋಟ 6. ಮೂರು ಕಿಲೋದಷ್ಟು ಬೀಜ ಬಕೇಟಿಗೆ, ಕೈಯಾಡಿಸುವುದು. ಜೊಳ್ಳು ಮೇಲೇಳುತ್ತದೆ. ಜಾಲರಿಯಿಂದ ತೆಗೆಯುವುದು.*
ತಮ್ಮ: ಅಯ್ಯೋ, ಇಷ್ಟೊಂದು ಹೋಯ್ತದಾ?
ಅಕ್ಕ: ಇವು ಒಟ್ಲಿಗೆ ಬಿದ್ರೂ ಗಟ್ಟಿ ಪೈರು ಆಗಲ್ಲ. ಹೋಗ್ಲಿ ಬಿಡು.

*ನೋಟ 7. ಮುಳುಗಿದ ಬೀಜವನ್ನು ಬುಟ್ಟಿಗೆ ಸುರಿದು ಒಳ್ಳೆ ನೀರಿನಲ್ಲಿ ತೊಳೆಯುವುದು. ಮೂರು ಸಲವೂ ಪೂರ್ತಿ ತೋರಿಸಬೇಕು. ಪರದೆಯ ಮೇಲೆ 1, 2, 3.*
ಅಕ್ಕ: ಒಂದು. ಎರಡು. ಮೂರು.
ತಮ್ಮ: ಒಂದ್ಸಲ ಸಾಕಾಗಲ್ವಾ?
ಅಕ್ಕ: ಒಂದು ಕಾಳು ಬಾಯಿಗಿಟ್ಟು ನೋಡು. ಉಪ್ಪು ಹತ್ತಿದ್ರೆ ಇನ್ನೂ ತೊಳಿ. ಉಪ್ಪಿದ್ರೆ ಮೊಳಕೆ ಬರಲ್ಲ.

(ಬಾಯಿಗಿಡುವ ಈ ಮಾತು ಔಷಧಿಯ ಪ್ಯಾಕೆಟ್ ಒಡೆಯುವ ಮೊದಲು ಮಾತ್ರ. ಎಡಿಟಿಂಗ್ ಮಾಡುವವರಿಗೆ ಇದನ್ನು ಬರೆದೇ ಕೊಡಿ, ನೋಟ 7 ಮತ್ತು 8 ಯಾವ ಕಾರಣಕ್ಕೂ ಅದಲುಬದಲಾಗಬಾರದು.)

*ನೋಟ 8. ಜಾಗ ಬದಲಾಗಿದೆ. ಬೇರೆ ಬಣ್ಣದ ಎರಡು ಡ್ರಮ್ಮು, ಒಂದೊಂದರಲ್ಲಿ 25 ಲೀಟರ್ ನೀರು. ಇಬ್ಬರೂ ಕೈಗವಸು ತೊಟ್ಟು ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದಾರೆ. ಪ್ಯಾಕೆಟ್ ಹತ್ತಿರದಿಂದ. ಪಕ್ಕದ ಬಕೇಟಿನ ಎರಡು ಬಾಟಲಿ ನೀರಿನಲ್ಲಿ ಪುಡಿ ಕಲಸಿ, ತಿರುವುತ್ತಲೇ ಒಂದೊಂದು ಡ್ರಮ್ಮಿಗೆ ಒಂದೊಂದು ಬಾಟಲಿ.*
ಅಕ್ಕ: ಕಾರ್-ಬೆನ್-ಡಜಿಂ. ಒಂದು ಪ್ಯಾಕೆಟ್ಟು, ಎರಡು ಎಕರೆ. ಒಂದು ನಿಂದು, ಒಂದು ನಂದು.

*ನೋಟ 9. ತೊಳೆದ ಬೀಜ ಡ್ರಮ್ಮಿಗೆ. ಹೊರಗೆ ಸಂಜೆ ಬೆಳಕು, ಕೈಯಲ್ಲಿ ಖಾಲಿ ಹಾಲಿನ ಕ್ಯಾನು. ನೋಟ ಕತ್ತರಿಸಿ ಬೆಳಗಿನ ಬೆಳಕು, ತುಂಬಿದ ಕ್ಯಾನು. ಪರದೆಯ ಮೇಲೆ 10.*
ಅಕ್ಕ: ಸಂಜೆ ಡೈರಿಯಿಂದ ಬಂದು ನೆನೆಹಾಕು, ಬೆಳಿಗ್ಗೆ ಡೈರಿಗೆ ಹೋಗೋಕೆ ಮುಂಚೆ ಬಸಿ. ಬಸಿದ ನೀರು ನಾಲೆಗೆ, ಕೆರೆಗೆ, ದನ ಕುಡಿಯೋ ತೊಟ್ಟಿ ಹತ್ರ ಹಾಕಬಾರ್ದು.

*ನೋಟ 10. ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ನೆರಳಲ್ಲಿಟ್ಟು, ಮೇಲೆ ಇನ್ನೊಂದು ಒದ್ದೆ ಗೋಣಿ. ನಡುನಡುವೆ ನೀರು ಚಿಮುಕಿಸುವುದು. ಪರದೆಯ ಮೇಲೆ 24. ಮರುದಿನ, ಅಂಗೈಯಲ್ಲಿ ಬಿಳಿ ಮೊಳಕೆ ಇಣುಕಿದ ಬೀಜ.*
ಅಕ್ಕ: ಇಷ್ಟು ಬಿಳಿ ಕಂಡ್ರೆ ಸಾಕು, ಒಟ್ಲಿಗೆ ಚೆಲ್ಲು. ಇನ್ನೂ ಬಿಟ್ರೆ ಬೇರು ಹೆಣ್ಕೊಂಡು ಚೆಲ್ಲೋವಾಗ ಮುರೀತವೆ.

ತೋರಿಸಬಾರದ ನೋಟಗಳು

"ಹೀಗೆ ಮಾಡಬೇಡಿ" ಎಂದು ತಪ್ಪು ಕೆಲಸವನ್ನು ಮಾಡಿ ತೋರಿಸುವ ಆಸೆ ಬರುತ್ತದೆ. ಬೇಡ. ಸಂತೆಯ ಗದ್ದಲದಲ್ಲಿ, ಸಣ್ಣ ಫೋನಿನಲ್ಲಿ ಮಾತು ಅರ್ಧ ಕೇಳಿಸುತ್ತದೆ, ಚಿತ್ರ ಪೂರ್ತಿ ಉಳಿಯುತ್ತದೆ. ಬರಿಗೈಯಲ್ಲಿ ಔಷಧಿ ಕಲಸುವ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಎಳೆದರೂ ನೆನಪಿಗೆ ಉಳಿಯುವುದು ಬರಿಗೈಯೇ. ತಪ್ಪಿನ ಫಲವನ್ನು ಮಾತ್ರ ತೋರಿಸಿ. ಉದಾಹರಣೆಗೆ, ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟ ಬೀಜ ಗಾಳಿಯಾಡದೆ ಬಿಸಿಯೇರಿ ಹುಳಿವಾಸನೆ ಹೊಡೆಯುತ್ತದೆ. ಆ ಅಂಟಂಟಾದ ಹಿಡಿ ಬೀಜವನ್ನೂ ಅದನ್ನು ಮೂಸಿ ಮುಖ ಸಿಂಡರಿಸುವ ತಮ್ಮನನ್ನೂ ತೋರಿಸಿದರೆ ಮಾತೇ ಬೇಕಿಲ್ಲ.

ಔಷಧಿ ಪ್ಯಾಕೆಟ್ಟಿನ ತ್ರಿಕೋನದ ವಿಚಾರವೂ ಇದೆ. ನಮ್ಮಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀವ್ರತೆಯನ್ನು ಇಳಿಯುವ ಕ್ರಮದಲ್ಲಿ ಹೇಳುತ್ತವೆ. ಆದರೆ ಬಿಸ್ಕತ್ತು ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿ ರೂಢಿಯಾದವರಿಗೆ ಹಸಿರು ಎಂದರೆ ತಿನ್ನಬಹುದು ಎಂಬ ಅರ್ಥವೂ ಬಂದೀತು. ತ್ರಿಕೋನವನ್ನು ಹತ್ತಿರದಿಂದ ತೋರಿಸುವುದಾದರೆ "ಯಾವ ಬಣ್ಣ ಇದ್ರೂ ವಿಷವೇ" ಎಂಬ ಮಾತು ಅದೇ ನೋಟದಲ್ಲಿ ಬರಲಿ, ಇಲ್ಲವೇ ತ್ರಿಕೋನ ತೋರಿಸಲೇಬೇಡಿ.

ಪರೀಕ್ಷೆ

ಪೂರ್ತಿ ಶೂಟಿಂಗಿಗೆ ಮೊದಲು ಫೋನಿನಲ್ಲೇ ಒರಟಾಗಿ ಒಮ್ಮೆ ತೆಗೆದು, ನಾಲ್ಕೈದು ಜನಕ್ಕೆ ಅವರ ಜಗುಲಿಯಲ್ಲೇ ತೋರಿಸಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ, ಅದು ನಿಮಗೆ ಕೊಡುವ ಮರ್ಯಾದೆ. ಬಕೇಟು, ಉಪ್ಪು, ಎರಡು ಮೊಟ್ಟೆ, ಬೀಜ ಮುಂದಿಟ್ಟು "ಒಂದ್ಸಲ ಮಾಡಿ ತೋರ್ಸಿ ಅವ್ವ" ಎಂದು ಸುಮ್ಮನೆ ಕೂರಿ. ಎರಡು ಮೊಟ್ಟೆಯಲ್ಲಿ ಒಂದು ಹಳೆಯದಿರಲಿ. ಅದನ್ನು ಬದಲಾಯಿಸದೆ ಮುಂದೆ ಹೋದರೆ ನೋಟ 3 ಸೋತಿದೆ, ಅದನ್ನು ಇನ್ನೂ ಐದು ಸೆಕೆಂಡು ಹಿಗ್ಗಿಸಿ. ತೊಳೆಯುವುದನ್ನು ಒಂದೇ ಸಲಕ್ಕೆ ನಿಲ್ಲಿಸಿದರೆ ನೋಟ 7ರಲ್ಲಿ ಎಲ್ಲೋ ಕತ್ತರಿ ಆಡಿದೆ. ಎರಡನೆಯ ಕಂತಿನ ಬೀಜ ಹಾಕುವ ಮುನ್ನ ಮೊಟ್ಟೆಯನ್ನು ಮತ್ತೆ ಬಿಟ್ಟು ನೋಡುತ್ತಾರೋ ಗಮನಿಸಿ. ಬೀಜಕ್ಕೆ ಮೆತ್ತಿಕೊಂಡು ಉಪ್ಪುನೀರು ಕಡಿಮೆಯಾಗುತ್ತದೆ, ಅದನ್ನು ತುಂಬಲು ಬರಿ ನೀರು ಸುರಿದುಬಿಟ್ಟರೆ ಹದ ಕೆಡುತ್ತದೆ. ಹತ್ತರಲ್ಲಿ ಎಂಟು ಜನ ಇಲ್ಲಿ ತಪ್ಪುತ್ತಾರೆ ಎಂದೇ ಭಾವಿಸಿ ನೋಟ 6ರ ಕೊನೆಗೆ "ಮತ್ತೆ ಬೀಜ ಹಾಕೋ ಮುಂಚೆ ಮತ್ತೆ ಮೊಟ್ಟೆ" ಎಂಬ ಸಾಲು ಸೇರಿಸುವುದು ಲೇಸು.

ಔಷಧಿಯ ಭಾಗವನ್ನು ಈ ಪರೀಕ್ಷೆಯಲ್ಲಿ ನಿಜವಾದ ಪುಡಿಯಿಂದ ಮಾಡಿಸಬೇಡಿ. ಖಾಲಿ ಪ್ಯಾಕೆಟ್ಟೂ ಬೇಡ. ಸುಣ್ಣದ ಪುಡಿ ತುಂಬಿದ ಬೇರೆ ಕವರು ಸಾಕು.

ಊರಿನಲ್ಲಿ ಗುಂಪಾಗಿ ತೋರಿಸುವುದಾದರೆ ನಡುವೆ ನಿಲ್ಲಿಸುವವರೊಬ್ಬರು ಬೇಕು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಇದೇ ದಾರಿ ಹಿಡಿದದ್ದು: ಊರಿನ ರೈತರೇ ಇರುವ ವಿಡಿಯೊ, ಅದನ್ನು ತೋರಿಸಿ, ನಿಲ್ಲಿಸಿ, ಕೇಳುವ ಊರಿನವರೇ ಒಬ್ಬರು. ಈ ಸ್ಕ್ರಿಪ್ಟಿನಲ್ಲಿ ನಿಲ್ಲಿಸಬೇಕಾದ ಜಾಗ ಎರಡು. ನೋಟ 5 ಆದ ಮೇಲೆ "ಈಗ ಮೊಟ್ಟೆ ಮೇಲೆ ಬರ್ಲಿಲ್ಲ ಅಂದ್ರೆ?" ಎಂದು, ನೋಟ 8 ಆದ ಮೇಲೆ "ನಿಮ್ದು ಒಂದೇ ಎಕರೆ, ಆಗ ಏನ್ಮಾಡ್ತೀರಿ?" ಎಂದು ಕೇಳಬೇಕು. ಆ ಜಾಗಗಳಲ್ಲಿ ಎರಡು ಸೆಕೆಂಡು ಕಪ್ಪು ಪರದೆ ಬಿಟ್ಟರೆ ನಿಲ್ಲಿಸುವವರಿಗೆ ಸುಲಭ.

ಕೊನೆಯದಾಗಿ, ಅಳತೆ ಮತ್ತು ಔಷಧಿಯ ಹೆಸರಿರುವ ನೋಟ 8ನ್ನು ಬೇರೆಯೇ ಫೈಲಿನಲ್ಲಿ ತೆಗೆದಿಡಿ, ಅದರ ಮಾತು ಹಿಂದಿನ ಮುಂದಿನ ನೋಟಕ್ಕೆ ಹರಿಯದಂತೆ ನೋಡಿಕೊಳ್ಳಿ. ಪ್ರತಿ ಹಂಗಾಮಿಗೆ ಮುಂಚೆ ಅಷ್ಟನ್ನು ಪ್ಯಾಕೆಟ್ಟಿನ ಲೇಬಲ್ಲಿನ ಜೊತೆಗೂ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳ ಇಲ್ಲವೇ ರೈತ ಸಂಪರ್ಕ ಕೇಂದ್ರದವರ ಶಿಫಾರಸಿನ ಜೊತೆಗೂ ತಾಳೆ ನೋಡಿ. ಬದಲಾಗಿದ್ದರೆ ಅದೊಂದು ನೋಟವನ್ನು ಮತ್ತೆ ತೆಗೆದು ಹೊಲಿದರಾಯಿತು. ಅಕ್ಕ ಅದೇ ಸೀರೆ ಉಡಲಿ.